999 ರೂಪಾಯಿ ಕಾರ್ಡು, ತಿಂಗಳ ದಿನಸಿ ಚೀಟಿ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆಯಿಂದ ಹತ್ತು ನಿಮಿಷ ನಡೆದರೆ ಒಂದು ಸೂಪರ್ ಮಾರ್ಕೆಟ್ ಸಿಗುತ್ತದೆ. ಆರೇಳು ವರ್ಷದಿಂದ ತಿಂಗಳ ಸಾಮಾನನ್ನು ಬಹುಪಾಲು ಅಲ್ಲೇ ತರುತ್ತಿದ್ದೇವೆ. ಹೋದ ವರ್ಷ ಜೂನ್‌ನಲ್ಲಿ ಬಿಲ್ ಮಾಡಿಸುವಾಗ ಕೌಂಟರಿನ ಹುಡುಗಿ ಹೊಸ ಕಾರ್ಡೊಂದರ ವಿಷಯ ಎತ್ತಿದಳು. ವರ್ಷಕ್ಕೆ 999 ರೂಪಾಯಿ ಕಟ್ಟಿ ಸದಸ್ಯರಾದರೆ ಪ್ರತಿ ಬಿಲ್ಲಿಗೂ ನೂರಕ್ಕೆ ನಾಲ್ಕು ರೂಪಾಯಿ ಕಡಿತ, ತಿಂಗಳಿಗೆ ಹೆಚ್ಚೆಂದರೆ 200 ರೂಪಾಯಿ.

“ಆಂಟಿ, ನಿಮ್ದು ತಿಂಗಳಿಗೆ ಐದು ಸಾವಿರದ ಮೇಲೇ ಆಗುತ್ತಲ್ವಾ. ಇನ್ನೂರು ರೂಪಾಯಿ ಉಳಿದೇ ಉಳಿಯುತ್ತೆ. ಐದು ತಿಂಗಳಿಗೆ ಕಾರ್ಡಿನ ದುಡ್ಡು ವಾಪಸ್ ಬಂದ್ಬಿಡುತ್ತೆ,” ಅಂದಳು.

ಲೆಕ್ಕ ಸರಿಯಾಗಿಯೇ ಇತ್ತು. ಐದು ಸಾವಿರಕ್ಕೆ ನಾಲ್ಕು ಪರ್ಸೆಂಟ್ ಅಂದರೆ 200. ಐದು ತಿಂಗಳಿಗೆ ಸಾವಿರ, ಹನ್ನೆರಡು ತಿಂಗಳಿಗೆ 2,400. ಅದರಲ್ಲಿ 999 ಕಳೆದರೆ ಕೈಯಲ್ಲಿ 1,401 ರೂಪಾಯಿ. ನಮ್ಮ ಬಿಲ್ ಸರಾಸರಿ ಆರು ಸಾವಿರ ದಾಟುತ್ತದೆ ಅನ್ನುವುದು ನನಗೂ ಗೊತ್ತಿತ್ತು. ಆದರೂ ಮುಂದಿನ ತಿಂಗಳು ಹೇಳುತ್ತೇನೆ ಅಂತ ಬಂದೆ. ಕಾರಣ ಇಷ್ಟೇ: ಆ ಹುಡುಗಿ ನಮ್ಮ ಇಡೀ ಬಿಲ್ಲನ್ನು ಲೆಕ್ಕಕ್ಕೆ ಹಿಡಿದಿದ್ದಳು. ಕಾರ್ಡಿನ ಕರಪತ್ರದ ಕೆಳಗೆ ಸಣ್ಣ ಅಕ್ಷರದಲ್ಲಿ ಮೂರು ಸಾಲು ಇದ್ದವು. ಅವನ್ನು ಮನೆಗೆ ಬಂದು ಕನ್ನಡಕ ಹಾಕಿಕೊಂಡು ಓದಬೇಕು ಅನ್ನಿಸಿತು.

ಮೊದಲ ಸಾಲಿನ ಪ್ರಕಾರ ಅಕ್ಕಿ, ಸಕ್ಕರೆ, ಅಡುಗೆ ಎಣ್ಣೆ, ತುಪ್ಪ, ಹಾಲು, ಮಗುವಿನ ಹಾಲಿನ ಪುಡಿ ಇವಕ್ಕೆ ರಿಯಾಯಿತಿ ಇಲ್ಲ. ಎರಡನೆಯದು, ಈಗಾಗಲೇ ಆಫರ್‌ನಲ್ಲಿರುವ ಸಾಮಾನಿಗೆ ಇಲ್ಲ. ಮೂರನೆಯದು ತಿಂಗಳ ಮಿತಿ. ಇಂಥ ಯೋಜನೆಗಳಲ್ಲಿ ಸಾಮಾನ್ಯವಾಗಿ ಇರುವ ಷರತ್ತುಗಳೇ ಇವು. ಅಕ್ಕಿ, ಎಣ್ಣೆ, ಸಕ್ಕರೆಯಲ್ಲಿ ಅಂಗಡಿಯವರಿಗೆ ಉಳಿಯುವುದೇ ಕಡಿಮೆ, ಅದರಲ್ಲಿ ನಾಲ್ಕು ಪರ್ಸೆಂಟ್ ಬಿಟ್ಟುಕೊಟ್ಟರೆ ಅವರಿಗೆ ಏನೂ ಗಿಟ್ಟುವುದಿಲ್ಲ. ಹಾಗಾಗಿ ಅವನ್ನು ಹೊರಗಿಟ್ಟದ್ದರಲ್ಲಿ ಮೋಸವೇನಿಲ್ಲ. ಆದರೆ ನಮ್ಮಂಥ ಮನೆಗಳ ಬಿಲ್ಲಿನಲ್ಲಿ ತೂಕದ ಬಾಬತ್ತು ಅವೇ ಆಗಿರುವುದರಿಂದ, ಹೇಳಿದ ನಾಲ್ಕು ಪರ್ಸೆಂಟಿಗೂ ಸಿಗುವ ನಾಲ್ಕು ಪರ್ಸೆಂಟಿಗೂ ಬಹಳ ಅಂತರ.

ನಮ್ಮ ಮನೆಯಲ್ಲಿ ಬಿಲ್ಲುಗಳನ್ನು ಅಡುಗೆಮನೆಯ ಡ್ರಾಯರಿನಲ್ಲಿ ಹಾಕಿಡುವ ಅಭ್ಯಾಸ. ಮೂರು ತಿಂಗಳಿನವನ್ನು ತೆಗೆದೆ. ಯುಗಾದಿ ಬಂದ ತಿಂಗಳನ್ನು ಬೇಕೆಂದೇ ಬಿಟ್ಟೆ. ಹಬ್ಬದ ತಿಂಗಳಲ್ಲಿ ಬೆಲ್ಲ, ಕಡಲೆಬೇಳೆ, ಗೋಡಂಬಿ, ದ್ರಾಕ್ಷಿ ಅಂತ ಬಿಲ್ ಉಬ್ಬಿರುತ್ತದೆ. ಅದನ್ನು ಸರಾಸರಿಗೆ ಸೇರಿಸಿದರೆ ವರ್ಷದ ಲೆಕ್ಕವೆಲ್ಲ ಉಬ್ಬುತ್ತದೆ. ದಸರೆಗೆ ನೆಂಟರು ಬರುವ ತಿಂಗಳೂ ಹಾಗೇ. ಇನ್ನೊಂದು ಮಾತು: ಈ ಬಿಲ್ಲಿನ ಕಾಗದದ ಮೇಲಿನ ಅಕ್ಷರ ಎರಡು ಮೂರು ತಿಂಗಳಿಗೆ ಮಾಸಿಹೋಗುತ್ತದೆ. ಒಂದು ಬಿಲ್ ಅರ್ಧ ಬಿಳಿಯಾಗಿತ್ತು, ಬೆಳಕಿಗೆ ಹಿಡಿದು ಓದಬೇಕಾಯಿತು. ಅಂದಿನಿಂದ ತಂದ ದಿನವೇ ಮೊಬೈಲಿನಲ್ಲಿ ಫೋಟೋ ತೆಗೆದಿಡುತ್ತೇನೆ.

ಮೂರು ಬಿಲ್ಲುಗಳ ಸರಾಸರಿ 6,400 ರೂಪಾಯಿ. ನಾವು ಮನೆಯಲ್ಲಿ ಐದು ಜನ. ಒಂದು ಕೆಂಪು ಪೆನ್ನು ಹಿಡಿದು ರಿಯಾಯಿತಿ ಸಿಗದ ಸಾಲುಗಳನ್ನೆಲ್ಲ ಹೊಡೆಯುತ್ತಾ ಹೋದೆ. ಸೋನಾ ಮಸೂರಿ 25 ಕೆಜಿ ಚೀಲ, ಸೂರ್ಯಕಾಂತಿ ಎಣ್ಣೆ ನಾಲ್ಕು ಲೀಟರ್, ಸಕ್ಕರೆ ಮೂರು ಕೆಜಿ. ಇಷ್ಟಕ್ಕೇ 2,190 ರೂಪಾಯಿ ಹೋಯಿತು. ತುಪ್ಪ, ಹಾಲನ್ನು ಹೇಗೂ ನಂದಿನಿ ಮಳಿಗೆಯಿಂದ ತರುತ್ತೇವೆ. ಆಮೇಲೆ ಆಫರ್‌ನಲ್ಲಿದ್ದ ಬಟ್ಟೆ ಸೋಪಿನ ಪುಡಿ, ಮೈಸೋಪು, ಪಾತ್ರೆ ತೊಳೆಯುವ ಬಾರು, ಎರಡು ಕೊಂಡರೆ ಒಂದು ಉಚಿತ ಅಂತ ಬಂದ ಟೂತ್‌ಪೇಸ್ಟು. ಅದು 860. ಇವೆರಡನ್ನೂ ಕಳೆದಾಗ ಕೆಂಪು ಗೆರೆ ಬೀಳದೆ ಉಳಿದದ್ದು 3,350 ರೂಪಾಯಿಯ ಸಾಮಾನು.

ಅದಕ್ಕೆ ನಾಲ್ಕು ಪರ್ಸೆಂಟ್ ಅಂದರೆ ತಿಂಗಳಿಗೆ 134 ರೂಪಾಯಿ. ವರ್ಷಕ್ಕೆ 1,608. ಕಾರ್ಡಿನ 999 ಕಳೆದರೆ 609. ಕೌಂಟರಿನಲ್ಲಿ ಕೇಳಿದ 1,401 ಇಲ್ಲಿಗೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಆದರೂ 609 ರೂಪಾಯಿ ಲಾಭ ಲಾಭವೇ. ಇಲ್ಲಿಗೇ ನಿಲ್ಲಿಸಿದ್ದರೆ ನಾನು ಮರುದಿನ ಹೋಗಿ ಕಾರ್ಡು ಮಾಡಿಸಿಬಿಡುತ್ತಿದ್ದೆ.

ಲೆಕ್ಕದ ಈ ಅರ್ಧವನ್ನು ಇನ್ನೂ ಸುಲಭವಾಗಿ ಮಾಡಬಹುದು. ಕಾರ್ಡಿನ ಬೆಲೆಯನ್ನು ರಿಯಾಯಿತಿಯ ದರದಿಂದ ಭಾಗಿಸಿದರೆ, ಎಷ್ಟು ರೂಪಾಯಿ ಸಾಮಾನು ಕೊಂಡ ಮೇಲೆ ಕಟ್ಟಿದ ಹಣ ವಾಪಸ್ ಬರುತ್ತದೆ ಅನ್ನುವುದು ಸಿಗುತ್ತದೆ. 999ನ್ನು ನಾಲ್ಕರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 25,000. ತಿಂಗಳಿಗೆ 2,080 ರೂಪಾಯಿ. ಕೆಂಪು ಗೆರೆ ಬೀಳದ ಸಾಮಾನು ಪ್ರತಿ ತಿಂಗಳೂ ಅಷ್ಟು ಇದ್ದರೆ ಅಸಲು ಹುಟ್ಟುತ್ತದೆ, ಅದರ ಮೇಲಿನದಕ್ಕಷ್ಟೇ ಲಾಭ. ನಮ್ಮದು 3,350 ಇದ್ದದ್ದರಿಂದ ಪರವಾಗಿಲ್ಲ ಅನ್ನಿಸಿತ್ತು.

ನನ್ನನ್ನು ತಡೆದದ್ದು ಬಿಲ್ಲಿನ ಕೊನೆಯ ಸಾಲು. “ಇಂದು ನೀವು ಉಳಿಸಿದ್ದು ₹538” ಅಂತ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಕಾರ್ಡೇ ಇಲ್ಲದೆ ನಾನು 538 ರೂಪಾಯಿ ಉಳಿಸಿದ್ದು ಎಲ್ಲಿಂದ ಅಂತ ಯೋಚಿಸಿ ಒಂದೊಂದೇ ಸಾಲು ನೋಡಿದೆ. ಪ್ರತಿ ಸಾಮಾನಿನ ಎದುರು ಎರಡು ಬೆಲೆ ಇದ್ದವು. ಒಂದು ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆ, ನಾವು ಎಂಆರ್‌ಪಿ ಅನ್ನುವುದು. ಇನ್ನೊಂದು ನಾನು ಕೊಟ್ಟ ಬೆಲೆ. ಇವೆರಡರ ವ್ಯತ್ಯಾಸವನ್ನೆಲ್ಲ ಕೂಡಿಸಿ “ಉಳಿತಾಯ” ಅಂದಿದ್ದರು.

ಎಂಆರ್‌ಪಿ ಅಂದರೆ ತಯಾರಕರು ನಿಗದಿ ಮಾಡಿ ಅಚ್ಚು ಹಾಕುವ, ತೆರಿಗೆಯೆಲ್ಲ ಸೇರಿದ ಗರಿಷ್ಠ ಬೆಲೆ. ಅದಕ್ಕಿಂತ ಹೆಚ್ಚಿಗೆ ಮಾರಿದರೆ ಕಾನೂನಿನ ಪ್ರಕಾರ ತಪ್ಪು, ಕಡಿಮೆಗೆ ಮಾರಲು ಯಾವ ಅಡ್ಡಿಯೂ ಇಲ್ಲ. ಬೇಳೆ, ಡಿಟರ್ಜೆಂಟು, ಗೋಧಿಹಿಟ್ಟಿನಂಥ ಎಷ್ಟೋ ಸಾಮಾನನ್ನು ಊರಿನ ಯಾವ ಅಂಗಡಿಯಲ್ಲೂ ಎಂಆರ್‌ಪಿಗೆ ಮಾರುವುದಿಲ್ಲ. 240 ಅಂತ ಅಚ್ಚಾದ ಸೋಪಿನ ಪುಡಿಯನ್ನು ಎಲ್ಲರೂ 215ಕ್ಕೇ ಕೊಡುತ್ತಿದ್ದರೆ, ಅದನ್ನು 215ಕ್ಕೆ ತಂದ ನಾನು ಏನನ್ನೂ ಉಳಿಸಲಿಲ್ಲ. ನಾನು ಎಂದೂ ಕೊಡದೇ ಇದ್ದ ಬೆಲೆಯಿಂದ ಅಳೆದ ಉಳಿತಾಯ ಅದು. ಅಳೆಯಬೇಕಾದದ್ದು ಈ ಅಂಗಡಿಗೆ ಹೋಗದಿದ್ದರೆ ನಾನು ಎಲ್ಲಿಗೆ ಹೋಗುತ್ತಿದ್ದೆನೋ ಅಲ್ಲಿನ ಬೆಲೆಯಿಂದ. ಕಾರ್ಡು, ಪಾಯಿಂಟು, ಕೂಪನ್ನು ಯಾವುದೇ ಇರಲಿ, ಅದು ನಮಗೆ ಲಾಭವೋ ಅಲ್ಲವೋ ಅನ್ನುವುದು ಬಹುಮಟ್ಟಿಗೆ ಈ ಒಂದು ಹೋಲಿಕೆಯ ಮೇಲೆ ನಿಂತಿದೆ. ಜನ ಬಿಟ್ಟುಬಿಡುವುದೂ ಇದನ್ನೇ.

ನಮಗೆ ಆ ಇನ್ನೊಂದು ಅಂಗಡಿ ಯಾವುದು? ಸಂತೇಪೇಟೆಯ ಸಗಟು ಅಂಗಡಿಗಳು ಅಂತ ಹೇಳಿಬಿಡಬಹುದು. ಅಲ್ಲಿ ಬೇಳೆಕಾಳು ಖಂಡಿತ ಅಗ್ಗ. ಆದರೆ ನಾವು ಪ್ರತಿ ತಿಂಗಳು ಸಂತೇಪೇಟೆಗೆ ಹೋಗುವವರಲ್ಲ. ಆಟೋ ಚಾರ್ಜು, ಅರ್ಧ ದಿನ, ಚೀಲ ಹೊರುವ ತಾಪತ್ರಯ. ಹೋಗದ ಅಂಗಡಿಯ ಬೆಲೆಗೆ ಹೋಲಿಸಿದರೆ ಅದೂ ಎಂಆರ್‌ಪಿಯಷ್ಟೇ ಸುಳ್ಳು ಲೆಕ್ಕವಾಗುತ್ತದೆ. ನಮ್ಮ ಬೀದಿಯ ಕೊನೆಯಲ್ಲಿ ಒಂದು ದಿನಸಿ ಅಂಗಡಿ ಇದೆ. ತೆಂಗಿನಕಾಯಿ, ಬ್ರೆಡ್ಡು, ಹಠಾತ್ತನೆ ಮುಗಿದ ಉಪ್ಪು ಅಂತ ವಾರಕ್ಕೆರಡು ಸಲ ಅಲ್ಲಿಗೆ ಹೋಗುತ್ತೇವೆ. ಫೋನ್ ಮಾಡಿದರೆ ಸಾಮಾನು ಮನೆಗೇ ಕಳಿಸುತ್ತಾರೆ. ಹೋಲಿಕೆಗೆ ನಿಜವಾಗಿ ಒದಗುವುದು ಆ ಅಂಗಡಿ.

ಸೂಪರ್ ಮಾರ್ಕೆಟ್ಟಿಗೆ ಹೋಗಿಬಂದ ದಿನವೇ ಅಲ್ಲಿಗೂ ಹೋಗಿ ಬೆಲೆ ಕೇಳಿ ಬರೆದುಕೊಂಡೆ. ಬೇರೆ ಬೇರೆ ದಿನ ಕೇಳಿದರೆ ತೊಗರಿಬೇಳೆಯ ದರವೇ ಬದಲಾಗಿರಬಹುದು. ದರ್ಜೆಯೂ ಒಂದೇ ಇರಬೇಕು, ಹಾಗಾಗಿ ಬೇಳೆಯನ್ನು ಅಂಗೈಗೆ ಹಾಕಿಸಿಕೊಂಡು ನೋಡಿದೆ. ಪೊಟ್ಟಣದ ಸಾಮಾನಿನಲ್ಲಿ ತೂಕ ನೋಡಬೇಕು. ಒಂದೇ ಬ್ರಾಂಡಿನ ಟೀಪುಡಿ ಒಂದು ಕಡೆ 500 ಗ್ರಾಂ, ಇನ್ನೊಂದು ಕಡೆ 450 ಗ್ರಾಂ ಇರುತ್ತದೆ. ಇದಕ್ಕೆ ಪೊಟ್ಟಣದ ಮೇಲೇ ಒಂದು ಸಹಾಯವಿದೆ. ಪೊಟ್ಟಣದ ಸರಕುಗಳ 2011ರ ನಿಯಮಗಳಿಗೆ ಆಮೇಲೆ ಬಂದ ತಿದ್ದುಪಡಿಯಂತೆ ಎಂಆರ್‌ಪಿಯ ಜೊತೆ ಬಿಡಿ ದರವನ್ನೂ ಅಚ್ಚು ಹಾಕಬೇಕು. ಒಂದು ಕೆಜಿಗಿಂತ ಕಡಿಮೆ ಇದ್ದರೆ ಗ್ರಾಂಗೆ ಎಷ್ಟು, ಹೆಚ್ಚಿದ್ದರೆ ಕೆಜಿಗೆ ಎಷ್ಟು ಅಂತ. ಅದು ಎಂಆರ್‌ಪಿಯ ಮೇಲೆ ಹಾಕಿದ ದರವಾದರೂ, ದೊಡ್ಡ ಪ್ಯಾಕು ನಿಜಕ್ಕೂ ಅಗ್ಗವೋ ಅಲ್ಲವೋ ಅನ್ನುವುದನ್ನು ನಿಂತಲ್ಲೇ ತಿಳಿಸುತ್ತದೆ.

ಹೋಲಿಸಿದಾಗ ಕಂಡದ್ದು ನನಗೆ ಆಶ್ಚರ್ಯವನ್ನೇ ತಂದಿತು. ಬಿಸ್ಕತ್ತು, ಟೀಪುಡಿ, ಮಸಾಲೆ ಪೊಟ್ಟಣ, ಶಾಂಪೂ, ನೂಡಲ್ಸು ಇವೆಲ್ಲ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಕೆಲವು ಸೂಪರ್ ಮಾರ್ಕೆಟ್ಟಿನಲ್ಲಿ ಎರಡು ಮೂರು ರೂಪಾಯಿ ಅಗ್ಗ. ಆದರೆ ತೊಗರಿಬೇಳೆ, ಉದ್ದಿನಬೇಳೆ, ಕಡಲೆಬೇಳೆ, ಹೆಸರುಕಾಳು, ಅಲಸಂದೆ, ಒಣಮೆಣಸಿನಕಾಯಿ, ಧನಿಯ ಹೀಗೆ ತೂಗಿ ಕೊಡುವ ಸಾಮಾನೆಲ್ಲ ಬೀದಿ ಅಂಗಡಿಯಲ್ಲೇ ಕಡಿಮೆ. ಸೂಪರ್ ಮಾರ್ಕೆಟ್ಟಿನಲ್ಲಿ ಇಷ್ಟಕ್ಕೆ 1,240 ರೂಪಾಯಿ ಕೊಡುತ್ತಿದ್ದೆ. ಇಲ್ಲಿ ಅಷ್ಟೇ ತೂಕಕ್ಕೆ 1,165. ತಿಂಗಳಿಗೆ 75 ರೂಪಾಯಿ ವ್ಯತ್ಯಾಸ.

ಕಾರ್ಡು ತಗೊಂಡರೂ ಆ 1,240ಕ್ಕೆ ಸಿಗುವ ರಿಯಾಯಿತಿ 50 ರೂಪಾಯಿ. ಅಂದರೆ ರಿಯಾಯಿತಿ ಸಿಕ್ಕಮೇಲೂ ಬೇಳೆಗೆ ನಾನು 25 ರೂಪಾಯಿ ಹೆಚ್ಚು ಕೊಡುತ್ತೇನೆ. ಹಾಗಾದರೆ ಬೇಳೆಕಾಳನ್ನು ಬೀದಿ ಅಂಗಡಿಯಿಂದ ತರುವುದೇ ಸರಿ. ಆಗ ಕಾರ್ಡಿನ ಲೆಕ್ಕಕ್ಕೆ ಉಳಿಯುವ ಸಾಮಾನು 3,350ರಿಂದ 2,110ಕ್ಕೆ ಇಳಿಯುತ್ತದೆ. ಅದಕ್ಕೆ ತಿಂಗಳ ರಿಯಾಯಿತಿ 84 ರೂಪಾಯಿ ಚಿಲ್ಲರೆ, ವರ್ಷಕ್ಕೆ 1,013. ಕಾರ್ಡಿಗೆ ಕೊಡುವ 999 ಕಳೆದರೆ ಉಳಿದದ್ದು 14 ರೂಪಾಯಿ.

ಒಂದು ಹಾಳೆಯಲ್ಲಿ ಪಕ್ಕಪಕ್ಕ ಬರೆದೆ. ಕಾರ್ಡು ತಗೊಂಡು ಎಲ್ಲವನ್ನೂ ಸೂಪರ್ ಮಾರ್ಕೆಟ್ಟಿನಲ್ಲೇ ತಂದರೆ, ಈಗಿನದಕ್ಕಿಂತ ವರ್ಷಕ್ಕೆ 609 ರೂಪಾಯಿ ಉಳಿಯುತ್ತದೆ. ಕಾರ್ಡಿಲ್ಲದೆ ಬೇಳೆಕಾಳನ್ನು ಮಾತ್ರ ಬೀದಿ ಅಂಗಡಿಗೆ ಬದಲಾಯಿಸಿದರೆ 900. ಎರಡನ್ನೂ ಮಾಡಿದರೆ 914. ಒಂದು ರೂಪಾಯಿಯನ್ನೂ ಮುಂಗಡ ಕಟ್ಟದೆ 900 ರೂಪಾಯಿ ಉಳಿಸುವ ದಾರಿ ನಮ್ಮ ಬೀದಿಯಲ್ಲೇ ಇತ್ತು. ಕಾರ್ಡಿನ ಲಾಭವೊಂದನ್ನೇ ನೋಡುತ್ತಿದ್ದಾಗ ಅದು ಕಂಡಿರಲಿಲ್ಲ. ಕಾರ್ಡು ಕೈಗೆ ಬಂದ ಮೇಲೆ ಕಾಣುವುದು ಇನ್ನೂ ಕಷ್ಟ. ದುಡ್ಡು ಕಟ್ಟಿದ್ದೇವಲ್ಲ, ಅಲ್ಲೇ ತಂದರೆ ರಿಯಾಯಿತಿ ಇದೆಯಲ್ಲ ಅಂತ ಬೇಳೆಯನ್ನೂ ಅಲ್ಲೇ ತರುತ್ತಿದ್ದೆವು. ಸದಸ್ಯತ್ವಕ್ಕೆ ಹಣ ತೆಗೆದುಕೊಳ್ಳುವುದರಲ್ಲಿ ಅಂಗಡಿಗೆ ಇರುವ ಮುಖ್ಯ ಪ್ರಯೋಜನ ಇದು ಅಂತ ನನ್ನ ಭಾವನೆ. 999ಕ್ಕಿಂತ, ವರ್ಷವಿಡೀ ನಾವು ಬೇರೆ ಕಡೆ ಬೆಲೆ ಕೇಳದೆ ಇರುವುದು ಅವರಿಗೆ ಹೆಚ್ಚು ಬೆಲೆಬಾಳುತ್ತದೆ.

ಹಾಗಂತ ಈ ಕಾರ್ಡು ಯಾರಿಗೂ ಬೇಡ ಅಂತಲ್ಲ. ನಮ್ಮ ಪಕ್ಕದ ಮನೆಯವರು ಅದೇ ವಾರ ಮಾಡಿಸಿದರು, ಅವರಿಗೆ ಅದು ಸರಿಯಾಗಿಯೇ ಇದೆ. ಅವರಿಗೆ ಒಂದೂವರೆ ವರ್ಷದ ಮಗು. ಡೈಪರು, ಒರೆಸುವ ವೈಪ್ಸು, ಓಟ್ಸು, ಪೀನಟ್ ಬಟರು, ನೆಲ ಒರೆಸುವ ದ್ರಾವಣ ಇತ್ಯಾದಿ ಪೊಟ್ಟಣದ ಸಾಮಾನೇ ಹೆಚ್ಚು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಅಕ್ಕಿ ಊರಿನಿಂದ ಬರುತ್ತದೆ. ಅವರ ಬಿಲ್ಲಿಗೂ ಅದೇ ಕೆಂಪು ಪೆನ್ನು ಹಾಕಿ ನೋಡಿದೆವು. ಗೆರೆ ಬೀಳದೆ ಉಳಿದದ್ದು 5,300. ಆ ಡೈಪರು ಬೇರೆ ಕಡೆ ಇನ್ನೂ ಅಗ್ಗವಾಗಿ ಸಿಗುತ್ತದೆಯೋ ಅಂತ ಅವರು ಮೊದಲೇ ನೋಡಿದ್ದರು, ಹೆಚ್ಚು ವ್ಯತ್ಯಾಸ ಇರಲಿಲ್ಲ. ಹಾಗಾಗಿ ತಿಂಗಳಿಗೆ ಪೂರಾ 200 ರೂಪಾಯಿ ಅವರಿಗೆ ಸಿಗುತ್ತದೆ, ವರ್ಷಕ್ಕೆ 1,401 ಉಳಿಯುತ್ತದೆ. ಆ ಕೌಂಟರಿನ ಹುಡುಗಿ ಹೇಳಿದ ಲೆಕ್ಕ ಹುಟ್ಟಿದ್ದು ಇಂಥ ಮನೆಗಾಗಿ. ಮಗುವಿಗೆ ಡೈಪರು ಬೇಡವಾದ ವರ್ಷ ಅವರೂ ಮತ್ತೆ ಕೂತು ಲೆಕ್ಕ ಹಾಕಬೇಕಾಗುತ್ತದೆ. ಕಾರ್ಡಿನವರು ಅದನ್ನು ನೆನಪಿಸುವುದಿಲ್ಲ. ಆ್ಯಪ್‌ಗಳಲ್ಲಿ ತೆಗೆದುಕೊಂಡ ಸದಸ್ಯತ್ವವಾದರೆ ಎಷ್ಟೋ ಸಲ ತಾನೇ ನವೀಕರಣವಾಗಿ ಖಾತೆಯಿಂದ ಹಣ ಹೋಗಿರುತ್ತದೆ. ಆ ಆಯ್ಕೆಯನ್ನು ಕೊಂಡ ದಿನವೇ ಆಫ್ ಮಾಡಿಡುವುದು ಒಳ್ಳೆಯದು.

ಈ ಲೆಕ್ಕವನ್ನು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ತಂಗಿಗೆ ಫೋನಿನಲ್ಲಿ ಹೇಳಿದೆ. ಅಲ್ಲಿನ ಕಾಸ್ಟ್‌ಕೋ ಅಂಗಡಿಗೆ ಸದಸ್ಯತ್ವವಿಲ್ಲದೆ ಸಾಮಾನು ಕೊಳ್ಳಲು ಹೋಗುವ ಹಾಗೇ ಇಲ್ಲ. ಬಾಸ್ಮತಿ ಚೀಲ, ಬಾದಾಮಿ, ಬೆಣ್ಣೆ ಅಂತ ಅಲ್ಲಿನ ನಮ್ಮವರು ಬಹಳ ಜನ ಅಲ್ಲಿಗೆ ಹೋಗುತ್ತಾರೆ. 2024ರ ಸೆಪ್ಟೆಂಬರ್ 1ರಿಂದ ಸಾಮಾನ್ಯ ಸದಸ್ಯತ್ವ ವರ್ಷಕ್ಕೆ 60 ಡಾಲರ್‌ನಿಂದ 65 ಆಗಿದೆ, ಎಕ್ಸಿಕ್ಯೂಟಿವ್ ಅನ್ನುವ ಮೇಲಿನ ದರ್ಜೆಯದು 120ರಿಂದ 130. ಮೇಲಿನ ದರ್ಜೆಯವರಿಗೆ ಕೊಂಡದ್ದರ ಮೇಲೆ ಎರಡು ಪರ್ಸೆಂಟ್ ವಾಪಸ್ ಬರುತ್ತದೆ. ತಂಗಿ ಆ 130ರ ಕಾರ್ಡು ಇಟ್ಟುಕೊಂಡಿದ್ದಳು.

“ಅಕ್ಕ, ಎರಡು ಪರ್ಸೆಂಟ್ ಬರುತ್ತಲ್ಲ, ಅದಕ್ಕೇ ತಗೊಂಡೆ,” ಅಂದಳು.

ಇಲ್ಲಿ ಕೇಳಬೇಕಾದದ್ದು 130ರ ಲೆಕ್ಕವಲ್ಲ. 65ರದ್ದು ಹೇಗೂ ಬೇಕು ಅಂತಾದ ಮೇಲೆ, ಮೇಲೆ ಕೊಡುವ ಇನ್ನೊಂದು 65 ಡಾಲರ್ ಹುಟ್ಟುತ್ತದೆಯೇ ಅನ್ನುವುದು. ಎರಡು ಪರ್ಸೆಂಟಿನಲ್ಲಿ 65 ಹುಟ್ಟಬೇಕಾದರೆ ವರ್ಷಕ್ಕೆ 3,250 ಡಾಲರ್ ಸಾಮಾನು ಕೊಳ್ಳಬೇಕು, ತಿಂಗಳಿಗೆ 270ರಷ್ಟು. ಅವಳು ಅಲ್ಲಿ ಕೊಡುವುದು ಸುಮಾರು ಅಷ್ಟೇ, ಆದರೆ ಅದರಲ್ಲಿ 80 ಡಾಲರ್ ಕಾರಿನ ಪೆಟ್ರೋಲು. ಪೆಟ್ರೋಲಿಗೆ ಆ ಎರಡು ಪರ್ಸೆಂಟ್ ಇಲ್ಲ. ಉಳಿದ 190ಕ್ಕೆ ವರ್ಷಕ್ಕೆ ಬರುವುದು 46 ಡಾಲರಿಗಿಂತ ಕಡಿಮೆ. ಮೇಲಿನ ದರ್ಜೆಯಿಂದ ಅವಳಿಗೆ 19 ಡಾಲರ್ ನಷ್ಟ. ಕೆಳಗಿನ 65ರ ಕಾರ್ಡು ಮಾತ್ರ ಅವಳಿಗೆ ಒಳ್ಳೆಯದೇ. ರಿಯಾಯಿತಿ ಸಿಗದ ಆ ಪೆಟ್ರೋಲೇ ಅದಕ್ಕೆ ಕಾರಣ. ಅವಳ ಮನೆಯ ಹತ್ತಿರದ ಬೇರೆ ಬಂಕುಗಳಿಗಿಂತ ಅಲ್ಲಿ ಗ್ಯಾಲನ್ನಿಗೆ ಸುಮಾರು 20 ಸೆಂಟು ಕಡಿಮೆ, ವರ್ಷಕ್ಕೆ 300 ಗ್ಯಾಲನ್ನಿಗೆ 60 ಡಾಲರ್ ಅಲ್ಲೇ ಹುಟ್ಟಿತು. ಆಫೀಸಿನಿಂದ ಬರುವ ದಾರಿಯಲ್ಲೇ ಇರುವುದರಿಂದ ಸುತ್ತು ಹಾಕುವ ಖರ್ಚೂ ಇಲ್ಲ. ಬಾದಾಮಿ, ಬೆಣ್ಣೆಯಲ್ಲಿ ಉಳಿಯುವುದು ಅದರ ಮೇಲಿನ ಮಾತು. ದೊಡ್ಡ ಪ್ಯಾಕಿನ ಪಾಲಕ್ಕು ಅರ್ಧ ಕೊಳೆತು ಎಸೆಯುತ್ತೇನೆ ಅಂತಲೂ ಹೇಳಿದಳು, ಅದನ್ನೂ ಈ ಲೆಕ್ಕದಲ್ಲಿ ಕಳೆಯಬೇಕು. ಸದಸ್ಯತ್ವ ಬೇಡವೆನಿಸಿದರೆ ಶುಲ್ಕ ಹಿಂದಿರುಗಿಸುವ ಪದ್ಧತಿ ಆ ಅಂಗಡಿಯಲ್ಲಿದೆ. ನಮ್ಮಲ್ಲಿ ಹಾಗೆ ಇದೆಯೇ ಅಂತ ನಾನು ಕೌಂಟರಿನಲ್ಲಿ ಕೇಳಿದೆ, ಇಲ್ಲ ಅಂದರು.

ದುಡ್ಡು ಕಟ್ಟದೆ ಬರುವ ಪಾಯಿಂಟುಗಳ ಕಾರ್ಡಿಗೆ ಇಷ್ಟು ದೊಡ್ಡ ಲೆಕ್ಕ ಬೇಡ. ನೂರು ರೂಪಾಯಿಗೆ ಒಂದು ಪಾಯಿಂಟು, ಒಂದು ಪಾಯಿಂಟಿಗೆ 50 ಪೈಸೆ ಅಂತಿದ್ದರೆ ಅದು ಅರ್ಧ ಪರ್ಸೆಂಟ್ ರಿಯಾಯಿತಿ, ಅಷ್ಟೇ. ಪಾಯಿಂಟಿನ ಸಂಖ್ಯೆ ದೊಡ್ಡದಾಗಿ ಕಾಣುವುದರಿಂದ ಒಮ್ಮೆ ರೂಪಾಯಿಗೆ ತಿರುಗಿಸಿ ನೋಡಬೇಕು. 200 ಪಾಯಿಂಟು ಕೂಡುವ ತನಕ ಬಳಸುವಂತಿಲ್ಲ ಅಂದರೆ 20,000 ರೂಪಾಯಿಯ ಸಾಮಾನಾದ ಮೇಲೆ ಮೊದಲ ನೂರು ರೂಪಾಯಿ ಕೈಗೆ ಬರುತ್ತದೆ. ಅದರೊಳಗೆ ಪಾಯಿಂಟುಗಳ ಅವಧಿ ಮುಗಿಯುವ ಹಾಗಿದ್ದರೆ ಕಡಿಮೆ ಕೊಳ್ಳುವ ಮನೆಗೆ ಅದು ಸೊನ್ನೆ. ಬ್ರಿಟನ್ನಿನ ಟೆಸ್ಕೋ ಅಂಗಡಿಯವರು 1995ರಲ್ಲಿ ಶುರುಮಾಡಿದ ಕ್ಲಬ್‌ಕಾರ್ಡಿನಲ್ಲೂ ಒಂದು ಪೌಂಡಿಗೆ ಒಂದು ಪಾಯಿಂಟು, ಒಂದು ಪಾಯಿಂಟಿಗೆ ಒಂದು ಪೆನ್ನಿ, ಅಂದರೆ ಒಂದು ಪರ್ಸೆಂಟ್.

ಈಚೆಗೆ ಅಲ್ಲಿ ಪಾಯಿಂಟಿಗಿಂತ ಕಾರ್ಡುದಾರರಿಗೇ ಬೇರೆ ಬೆಲೆ ಅನ್ನುವುದು ಮುಖ್ಯವಾಗಿದೆ. ಕಾರ್ಡಿಲ್ಲದವರಿಗೆ ಬೆಲೆ ಏರಿಸಿ, ಕಾರ್ಡಿನವರಿಗೆ ಇಳಿಸಿದಂತೆ ತೋರಿಸುತ್ತಾರೆ ಅನ್ನುವ ಅನುಮಾನ ಜನರಲ್ಲಿತ್ತು. ಅಲ್ಲಿನ ಸ್ಪರ್ಧಾ ಮತ್ತು ಮಾರುಕಟ್ಟೆ ಪ್ರಾಧಿಕಾರ ಸುಮಾರು 50,000 ಸಾಮಾನುಗಳ ಬೆಲೆ ತೆಗೆದು ನೋಡಿ 2024ರ ನವೆಂಬರ್‌ನಲ್ಲಿ ವರದಿ ಕೊಟ್ಟಿತು. ಅವುಗಳಲ್ಲಿ ನೂರಕ್ಕೆ 92ರಲ್ಲಿ ಕಾರ್ಡಿನ ಬೆಲೆ ಅದೇ ಅಂಗಡಿಯ ಮಾಮೂಲಿ ಬೆಲೆಗಿಂತ ನಿಜಕ್ಕೂ ಕಡಿಮೆ ಇತ್ತು. ಅನುಮಾನ ಬಹುಪಾಲು ಸುಳ್ಳಾಯಿತು, ಅದನ್ನು ಒಪ್ಪಬೇಕು. ಆದರೆ ಆ ಕಾರ್ಡಿನ ಬೆಲೆಯೇ ಯಾವಾಗಲೂ ಅತಿ ಕಡಿಮೆಯದಲ್ಲ, ಬೇರೆ ಅಂಗಡಿಗಳನ್ನೂ ನೋಡಿ ಅಂತಲೂ ಪ್ರಾಧಿಕಾರ ಹೇಳಿತು. ನಮ್ಮ ಬೀದಿಯ ಬೇಳೆಯ ಕಥೆಯೂ ಅದೇ.

ಪಾಯಿಂಟಿಗೆ ಫೋನ್ ನಂಬರ್ ಕೊಡಬೇಕು. ಕೊಟ್ಟ ಮೇಲೆ ದಿನಕ್ಕೆರಡು ಮೆಸೇಜು ಬರುತ್ತವೆ. ಅವು ಬರುವುದೇ ಚೀಟಿಯಲ್ಲಿ ಇಲ್ಲದ ಸಾಮಾನನ್ನು ನೆನಪಿಸಲಿಕ್ಕೆ. ಪಾಯಿಂಟು ಬೇಡ ಅನ್ನುವವರು ನಂಬರ್ ಕೊಡಬೇಕಾಗಿಲ್ಲ. ಬಿಲ್ ಮಾಡಲು ನಂಬರ್ ಬೇಕೇ ಬೇಕು ಅಂತ ಅಂಗಡಿಯವರು ಒತ್ತಾಯಿಸಬಾರದು ಅಂತ 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ ಸೂಚನೆ ಹೊರಡಿಸಿದೆ.

ಇನ್ನು ಕೂಪನ್ನು. ಆಗಸ್ಟಿನಲ್ಲಿ ನನಗೆ ಒಂದು ಬಂತು: 1,500 ರೂಪಾಯಿಯ ಬಿಲ್ಲಿಗೆ 150 ಕಡಿತ, ಹದಿನೈದು ದಿನದೊಳಗೆ. ಆ ವಾರ ನನ್ನ ಚೀಟಿಯಲ್ಲಿದ್ದದ್ದು 1,180 ರೂಪಾಯಿಯ ಸಾಮಾನು. 320 ಕಡಿಮೆ. ಅಂಗಡಿಯಲ್ಲಿ ನಿಂತಾಗ 150 ರೂಪಾಯಿ ಬಿಟ್ಟುಹೋಗುತ್ತದಲ್ಲ ಅಂತಲೇ ಮನಸ್ಸು ಹೇಳುತ್ತಿರುತ್ತದೆ, ಕೈ ತಾನಾಗಿ ಶೆಲ್ಫಿನ ಕಡೆ ಹೋಗುತ್ತದೆ. 320 ರೂಪಾಯಿಯ ಒಂದು ಡಬ್ಬಿ ಚಾಕೊಲೇಟು ಹಾಕಿಕೊಂಡರೆ 1,350 ಕೊಟ್ಟು ಹೊರಬರುತ್ತೇನೆ. ಹಾಕಿಕೊಳ್ಳದಿದ್ದರೆ 1,180 ಕೊಡುತ್ತಿದ್ದೆ. ಬಿಲ್ಲಿನಲ್ಲಿ 150 ಉಳಿತಾಯ ಅಂತ ಬರುತ್ತದೆ, ಪರ್ಸಿನಿಂದ 170 ಹೆಚ್ಚಿಗೆ ಹೋಗಿರುತ್ತದೆ. ಅದೇ 320ಕ್ಕೆ ಮುಂದಿನ ತಿಂಗಳು ಹೇಗೂ ತರಬೇಕಾದ ಟೀಪುಡಿ, ಬಟ್ಟೆ ಸೋಪು ಹಾಕಿಕೊಂಡರೆ ಆ 150 ನಿಜವಾದ 150. ಸಾಮಾನು ಮುಂದಿನ ತಿಂಗಳು ಖರ್ಚಾಗುತ್ತದೆ, ಮುಂದಿನ ಬಿಲ್ 320 ಕಡಿಮೆಯಾಗುತ್ತದೆ.

ಹಾಗಾಗಿ ಈಗ ಚೀಟಿಯ ಹಿಂಬದಿಯಲ್ಲಿ ಕೆಡದ ಸಾಮಾನಿನ ಒಂದು ಸಣ್ಣ ಪಟ್ಟಿ ಬರೆದುಕೊಂಡು ಹೋಗುತ್ತೇನೆ. ಕೂಪನ್ನಿನ ಕನಿಷ್ಠ ಮೊತ್ತ ಮುಟ್ಟದಿದ್ದರೆ ಆ ಪಟ್ಟಿಯಿಂದ ಮಾತ್ರ ತುಂಬಿಸುವುದು. ಪಟ್ಟಿಯಲ್ಲಿ ಅಷ್ಟು ಇಲ್ಲದಿದ್ದರೆ ಕೂಪನ್ನು ಬಿಟ್ಟುಬಿಡುವುದು. ನಮ್ಮ ಅತ್ತೆಯವರು ನಲವತ್ತು ವರ್ಷದಿಂದ ಹೊರಡುವ ಮುಂಚೆ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದೇ ತೆರೆದು ನೋಡಿ ಚೀಟಿ ಬರೆಸುತ್ತಿದ್ದರು. ಅದು ಏಕೆ ಅಷ್ಟು ಮುಖ್ಯ ಅನ್ನುವುದು ನನಗೆ ಈ ಲೆಕ್ಕ ಹಾಕಿದಾಗ ಸರಿಯಾಗಿ ತಿಳಿಯಿತು. ಈ ಸಾಮಾನನ್ನು ರಿಯಾಯಿತಿ ಇಲ್ಲದಿದ್ದರೂ ತರುತ್ತಿದ್ದೆನೇ ಅನ್ನುವ ಪ್ರಶ್ನೆಗೆ ಅಂಗಡಿಯಲ್ಲಿ ನಿಂತು ಉತ್ತರ ಕೊಡಲು ಆಗುವುದಿಲ್ಲ. ಮನೆಯಲ್ಲಿ ಮೊದಲೇ ಬರೆದ ಕಾಗದದಲ್ಲಿ ಆ ಉತ್ತರ ಇರುತ್ತದೆ. ನಾಲ್ಕು ಪರ್ಸೆಂಟಿನ ಕಾರ್ಡಿನಿಂದ ನಮಗೆ ತಿಂಗಳಿಗೆ ಸಿಗಬಹುದಾಗಿದ್ದದ್ದು 134 ರೂಪಾಯಿ, ಚೀಟಿಯಲ್ಲಿ ಇಲ್ಲದ ಒಂದು ಡಬ್ಬಿ ಉಪ್ಪಿನಕಾಯಿ ಅದನ್ನು ಪೂರಾ ತಿಂದುಹಾಕುತ್ತದೆ.

ಮನೆಗೆ ತಲುಪಿಸುವ ಆ್ಯಪ್‌ಗಳ ಪಾಸಿನ ಬಗ್ಗೆ ಮಗ ಕೇಳಿದ. ಅವನಿಗೆ ಹೇಳಿದ್ದೂ ಇದನ್ನೇ. ಪಾಸಿನ ಬೆಲೆಯನ್ನು ಒಂದು ಸಲದ ಡೆಲಿವರಿ ಶುಲ್ಕದಿಂದ ಭಾಗಿಸಿದರೆ ಎಷ್ಟು ಸಲ ತರಿಸಿದರೆ ಹಣ ಹುಟ್ಟುತ್ತದೆ ಅಂತ ಗೊತ್ತಾಗುತ್ತದೆ. ಆದರೆ ಎಣಿಸಬೇಕಾದದ್ದು ಪಾಸು ಬರುವ ಮುಂಚೆ ತಿಂಗಳಿಗೆ ಎಷ್ಟು ಸಲ ತರಿಸುತ್ತಿದ್ದೆವು ಅನ್ನುವುದನ್ನು. ಪಾಸು ಬಂದ ಮೇಲಿನ ಸಂಖ್ಯೆ ತಾನಾಗಿ ಏರಿರುತ್ತದೆ. ಡೆಲಿವರಿ ಉಚಿತವಾದರೂ ಹ್ಯಾಂಡ್ಲಿಂಗ್ ಅಂತಲೋ ಪ್ಲಾಟ್‌ಫಾರ್ಮ್ ಅಂತಲೋ ಬೇರೆ ಶುಲ್ಕ ಬಿಲ್ಲಿನಲ್ಲಿ ಉಳಿದಿದೆಯೇ ಅನ್ನುವುದನ್ನೂ ನೋಡಬೇಕು.

ಈ ವರ್ಷ ಜೂನ್‌ನಲ್ಲಿ ಕೌಂಟರಿನ ಅದೇ ಹುಡುಗಿ ಮತ್ತೆ ಕೇಳಿದಳು. ಕಾರ್ಡು ಈಗ 1,199 ಆಗಿದೆ, ರಿಯಾಯಿತಿ ಐದು ಪರ್ಸೆಂಟ್. “ಹೋದ ಸಲಕ್ಕಿಂತ ಒಳ್ಳೇ ಆಫರ್ ಆಂಟಿ,” ಅಂದಳು. ಹೌದು, ಒಳ್ಳೆಯದೇ. ಹೋದ ವರ್ಷದ 2,110 ರೂಪಾಯಿಯ ಸಾಮಾನಿಗೆ ಈ ದರದಲ್ಲಿ ವರ್ಷಕ್ಕೆ 1,266 ಬರುತ್ತಿತ್ತು, 67 ರೂಪಾಯಿ ಉಳಿಯುತ್ತಿತ್ತು. ಆದರೆ ಮಗ ಈಗ ಹುಬ್ಬಳ್ಳಿಯಲ್ಲಿ ಹಾಸ್ಟೆಲ್ ಸೇರಿದ್ದಾನೆ. ಬಿಸ್ಕತ್ತು, ನೂಡಲ್ಸು, ಅವನ ಶಾಂಪೂ ಚೀಟಿಯಿಂದ ಹೋಗಿವೆ. ಕೆಂಪು ಪೆನ್ನಿನ ಆಮೇಲೆ ಉಳಿಯುವುದು 1,700. ಅದಕ್ಕೆ ವರ್ಷಕ್ಕೆ 1,020 ರೂಪಾಯಿ ಬರುತ್ತದೆ, ಕಾರ್ಡಿಗೆ 179 ಕಡಿಮೆ. ಬೇಡಮ್ಮ ಅಂದೆ. ಬರುವ ದಾರಿಯಲ್ಲಿ ಬೀದಿ ಅಂಗಡಿಯಲ್ಲಿ ತೊಗರಿಬೇಳೆ ಮೂರು ಕೆಜಿ ತೂಗಿಸಿಕೊಂಡೆ. ಮೊದಲು ನಾಲ್ಕು ಬೇಕಾಗುತ್ತಿತ್ತು.